ಬಿಟ್ಟ ಕೆಲಸ, ಬಿಡದ ಲೆಕ್ಕ

ನೋಟಿಸ್ ಅವಧಿ ಪೂರೈಸದೆ ಹೋದ, ಲ್ಯಾಪ್‌ಟಾಪ್ ಹಿಂದಿರುಗಿಸಲಿಲ್ಲ ಎಂಬ ಕಾರಣಕ್ಕೆ ಹಳೆಯ ಸಂಸ್ಥೆಯೊಂದು ಫಾರಂ 16 ಕೊಡದೆ ಸತಾಯಿಸಬಹುದೇ? ಕೂಡದು ಎಂಬುದೇ ನನ್ನ ಖಚಿತ ಅಭಿಪ್ರಾಯ. ಲ್ಯಾಪ್‌ಟಾಪಿನ ತಕರಾರು ನೌಕರ ಮತ್ತು ಸಂಸ್ಥೆಯ ನಡುವಿನದು. ಫಾರಂ 16 ಮಾತ್ರ ನೌಕರನ ಸಂಬಳದಿಂದ ಮುರಿದುಕೊಂಡ ಹಣವನ್ನು ಸರ್ಕಾರಕ್ಕೆ ಕಟ್ಟಿದ್ದಕ್ಕೆ ಸಾಕ್ಷಿ. ಅದನ್ನು ಒತ್ತೆ ಇಟ್ಟುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. 2024-25ರ ಸಂಬಳಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 203ನೇ ಸೆಕ್ಷನ್ ಪ್ರಕಾರ ಅದನ್ನು ಕೊಡುವುದು ಸಂಸ್ಥೆಯ ಕರ್ತವ್ಯ. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ದಂಡಕ್ಕೂ ಅವಕಾಶವಿದೆ.

ಆದರೆ ಕೇಳುವವರಿಗೂ ಕಾಲದ ಅರಿವು ಇರಬೇಕು. ಸೆಪ್ಟೆಂಬರಿನಲ್ಲಿ ಕೆಲಸ ಬಿಟ್ಟವರು ಅಕ್ಟೋಬರಿನಲ್ಲೇ ಫಾರಂ 16 ಕೇಳಿದರೆ ಸಿಗುವುದಿಲ್ಲ. ಇಡೀ ವರ್ಷದ ಸಂಬಳದ ವಿವರ ಇಲಾಖೆಗೆ ಹೋಗುವುದು ಕೊನೆಯ ತ್ರೈಮಾಸಿಕದ 24Q ವಿವರಪಟ್ಟಿಯಲ್ಲಿ, ಮೇ 31ರೊಳಗೆ. ಪ್ರಮಾಣಪತ್ರ ಕೊಡಲು ಜೂನ್ 15ರವರೆಗೆ ಗಡುವು. ಕಚೇರಿಯ ಇಮೇಲ್ ಅಷ್ಟರಲ್ಲಿ ಮುಚ್ಚಿರುತ್ತದೆ. ಆದ್ದರಿಂದ ಕೆಲಸ ಬಿಡುವ ದಿನವೇ ಸ್ವಂತ ಇಮೇಲ್ ವಿಳಾಸ ಬರೆದುಕೊಟ್ಟು, ಎಲ್ಲ ಪೇ ಸ್ಲಿಪ್‌ಗಳನ್ನೂ ಇಳಿಸಿಕೊಳ್ಳಬೇಕು.

ಪೇ ಸ್ಲಿಪ್ಪಿನ ತಿದ್ದುಪಡಿ ಇನ್ನಷ್ಟು ಸೂಕ್ಷ್ಮ. ಒಬ್ಬರ ಲೆಕ್ಕ ಹೀಗಿದೆ ಎಂದುಕೊಳ್ಳೋಣ. ಜುಲೈ, ಆಗಸ್ಟ್, ಸೆಪ್ಟೆಂಬರ್ ಸ್ಲಿಪ್‌ಗಳಲ್ಲಿ ತಲಾ 6,000 ರೂಪಾಯಿ ತೆರಿಗೆ ಮುರಿದಿದೆ, ಒಟ್ಟು 18,000. ಆದಾಯ ತೆರಿಗೆ ಜಾಲತಾಣದ 26AS ಪಟ್ಟಿಯಲ್ಲಿ ಆ ತ್ರೈಮಾಸಿಕಕ್ಕೆ ಕಾಣುವುದು 12,000 ಮಾತ್ರ. ಕೂಡಲೇ ಸಂಸ್ಥೆ ಹಣ ನುಂಗಿತು ಎನ್ನುವುದು ಆತುರದ ಮಾತು. ಸಂಬಳದ ತೆರಿಗೆಯನ್ನು ಹಣ ಪಾವತಿಸುವಾಗ ಮುರಿಯಲಾಗುತ್ತದೆ. ಸೆಪ್ಟೆಂಬರ್ ಸಂಬಳವನ್ನು ತಡೆದು, ನವೆಂಬರಿನ ಅಂತಿಮ ಲೆಕ್ಕದಲ್ಲಿ ಕೊಟ್ಟಿದ್ದರೆ ಉಳಿದ ತೆರಿಗೆ ಮುಂದಿನ ತ್ರೈಮಾಸಿಕದಲ್ಲಿ ಕಾಣಬೇಕು. ಅಲ್ಲಿ 2,000 ಮಾತ್ರ ಇದ್ದರೆ, ಅಂತಿಮ ಲೆಕ್ಕದಲ್ಲಿ ತೆರಿಗೆಯನ್ನು ಹೊಸದಾಗಿ ಎಣಿಸಿ, ಹಳೆಯ ಸ್ಲಿಪ್ಪನ್ನು ಹಾಗೇ ಬಿಟ್ಟಿರುವ ಸಾಧ್ಯತೆ ಹೆಚ್ಚು. ಬ್ಯಾಂಕಿಗೆ ಬಂದ ಮೊತ್ತ ಇದಕ್ಕೆ ಹೊಂದಿದರೆ ಕೇಳಬೇಕಾದದ್ದು ತಿದ್ದಿದ ಸ್ಲಿಪ್. ಬ್ಯಾಂಕಿನ ಮೊತ್ತ 6,000 ಮುರಿದಿದ್ದಕ್ಕೇ ಹೊಂದಿದರೆ ಸ್ಲಿಪ್ ಸರಿ, ತಪ್ಪಿರುವುದು ಇಲಾಖೆಗೆ ಕೊಟ್ಟ ಲೆಕ್ಕ. ಆಗ ಕೇಳಬೇಕಾದದ್ದು 24Q ತಿದ್ದುಪಡಿ. ಯಾವ ತ್ರೈಮಾಸಿಕದಲ್ಲೂ ಏನೂ ಕಾಣದಿದ್ದರೆ ಮೊದಲು ಪ್ಯಾನ್ ಸಂಖ್ಯೆ ತಪ್ಪಾಗಿ ನಮೂದಾಗಿದೆಯೇ ನೋಡಬೇಕು.

ಹೀಗಾಗಿ "ದಾಖಲೆ ಕಳಿಸಿ" ಎಂಬ ಒಂದು ಸಾಲಿನ ಮನವಿಗೆ ಉತ್ತರ ಬಾರದಿರುವುದರಲ್ಲಿ ಆಶ್ಚರ್ಯವಿಲ್ಲ. ಯಾವ ತಿಂಗಳು, ಸ್ಲಿಪ್ಪಿನಲ್ಲಿ ಎಷ್ಟು, ಬ್ಯಾಂಕಿನಲ್ಲಿ ಎಷ್ಟು, 26ASನಲ್ಲಿ ಎಷ್ಟು ಎಂದು ಬರೆದು, ಪ್ಯಾನ್ ಮತ್ತು ನೌಕರ ಸಂಖ್ಯೆ ಸೇರಿಸಿ ಸಂಬಳ ವಿಭಾಗಕ್ಕೇ ಕಳಿಸಿದರೆ ಅವರು ತೆರೆದು ನೋಡಬೇಕಾದ ಪುಟ ಯಾವುದೆಂದು ಗೊತ್ತಾಗುತ್ತದೆ.

ಉತ್ತರ ಬಾರದಿದ್ದರೂ ರಿಟರ್ನ್ ನಿಲ್ಲಿಸಬೇಕಿಲ್ಲ. ಅದಕ್ಕೆ ಫಾರಂ 16 ಲಗತ್ತಿಸುವ ನಿಯಮವೇ ಇಲ್ಲ. ಸಂಸ್ಥೆ ಮುರಿದುಕೊಂಡೂ ಕಟ್ಟದ ತೆರಿಗೆಯನ್ನು ನೌಕರನಿಂದ ಮತ್ತೆ ವಸೂಲು ಮಾಡದಂತೆ ಅದೇ ಕಾಯ್ದೆಯ 205ನೇ ಸೆಕ್ಷನ್ ತಡೆಯುತ್ತದೆ. ಆದರೂ 26ASನಲ್ಲಿ ಇಲ್ಲದ ಮೊತ್ತಕ್ಕೆ ಇಲಾಖೆಯ ಕಂಪ್ಯೂಟರ್ ಬೇಡಿಕೆ ನೋಟಿಸ್ ಕಳಿಸಬಹುದು. ಆಗ ಉತ್ತರದ ಜೊತೆ ಇಡಬೇಕಾದದ್ದು ಆ ಸ್ಲಿಪ್‌ಗಳು, ಬ್ಯಾಂಕ್ ವಿವರ ಮತ್ತು ಹಳೆಯ ಸಂಸ್ಥೆಗೆ ಬರೆದ ಆ ಪತ್ರ.