ಶುರುವಾದ ಮಾತ್ರೆ ನಿಲ್ಲುವುದು ಯಾವಾಗ?

ಜಯನಗರ, ಬನಶಂಕರಿ ಕಡೆಯ ಮೆಡಿಕಲ್ ಶಾಪ್‌ಗಳ ಮುಂದೆ ಖಾಲಿ ಸ್ಟ್ರಿಪ್ ತೋರಿಸಿ ‘ಇದೇ ಇನ್ನೊಂದು ಕೊಡಪ್ಪ’ ಎನ್ನುವ ಹಿರಿಯರು ದಿನವೂ ಸಿಗುತ್ತಾರೆ. ನಿದ್ರೆ ಮಾತ್ರೆ ಆಲ್‌ಪ್ರಜೋಲಮ್ 2014ರ ಮಾರ್ಚ್‌ನಿಂದ ‘ಷೆಡ್ಯೂಲ್ ಎಚ್1’ ಪಟ್ಟಿಯಲ್ಲಿದೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದ್ದರ ವಿವರವನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಲೆಕ್ಕ ಕೇಳುವ ಈ ನಿಯಮ, ಮಾತ್ರೆ ಇನ್ನೂ ಬೇಕೇ ಎಂದು ಮಾತ್ರ ಕೇಳುವುದಿಲ್ಲ.

ನನ್ನಜ್ಜಿಗೆ 76. ತಾತ ತೀರಿಕೊಂಡಾಗ ಶುರುವಾದ 0.5 ಮಿ.ಗ್ರಾಂ ಆಲ್‌ಪ್ರಜೋಲಮ್ ಆರು ವರ್ಷ ನಡೆಯಿತು. ಮಂಡಿನೋವಿನ ಮಾತ್ರೆಯಿಂದ ಹೊಟ್ಟೆ ಕೆಡದಿರಲೆಂದು ಕೊಟ್ಟ ಪ್ಯಾಂಟೊಪ್ರಜೋಲ್, ನೋವಿನ ಮಾತ್ರೆ ನಿಂತ ಮೇಲೂ ಮುಂದುವರಿಯಿತು. ರಾತ್ರಿ ಬಚ್ಚಲಿಗೆ ಹೋಗುವಾಗ ಅಜ್ಜಿ ಎರಡು ಸಲ ತೂರಾಡಿದರು. ವಯಸ್ಸಾದವರಲ್ಲಿ ಈ ನಿದ್ರೆ ಮಾತ್ರೆಯ ದೊಡ್ಡ ಭಯವೇ ಬಿದ್ದು ಸೊಂಟದ ಮೂಳೆ ಮುರಿಯುವುದು.

ಮನೆಯ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಪರಿಚಯದ ಫಾರ್ಮಸಿಸ್ಟ್ ಬಳಿ ಹೋದೆವು. ಅವರು ಒಂದೊಂದರ ಎದುರೂ ‘ಯಾವಾಗ, ಯಾತಕ್ಕೆ’ ಎಂದು ಬರೆದರು. ‘ಎರಡನ್ನೂ ಒಟ್ಟಿಗೆ ಮುಟ್ಟಬೇಡಿ. ಈ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ, ಪ್ರಮಾಣ ಬದಲಿಸುವವರು ಅವರೇ’ ಎಂದರು.

‘ಬಿಟ್ಟು ನೋಡಿದ್ದೀನಿ ಕಣಮ್ಮ, ರಾತ್ರಿಯಿಡೀ ಕಣ್ಣೇ ಮುಚ್ಚಲಿಲ್ಲ. ಅಂದ್ಮೇಲೆ ಬೇಕು ತಾನೆ?’ ಇದು ಅಜ್ಜಿಯ ವಾದ. ಬಹುತೇಕ ಎಲ್ಲರೂ ಎಡವುವುದು ಇಲ್ಲೇ. ವರ್ಷಗಟ್ಟಲೆ ಮಾತ್ರೆಗೆ ಒಗ್ಗಿದ ಮಿದುಳು ಅದು ತಟ್ಟನೆ ನಿಂತಾಗ ಕೆರಳುತ್ತದೆ. ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಆ ನಿದ್ರೆಗೇಡು ಹಳೆಯ ಕಾಯಿಲೆಯಲ್ಲ, ಬಿಡುವಿಕೆಯದೇ ಫಲ. ಅದಕ್ಕೇ ವೈದ್ಯರು 0.25ರ ಮಾತ್ರೆ ಬರೆದುಕೊಟ್ಟು ಎರಡೆರಡು ವಾರಕ್ಕೆ ಇಳಿಸಿದರು: ಮೊದಲು ಒಂದೂವರೆ, ಆಮೇಲೆ ಒಂದು, ಆಮೇಲೆ ಅರ್ಧ. ಅರ್ಧಕ್ಕೆ ಬಂದಾಗ ನಾಲ್ಕು ರಾತ್ರಿ ನಿದ್ದೆ ಕೆಟ್ಟಿತು. ಪ್ರಮಾಣ ಏರಿಸಲಿಲ್ಲ, ಅಲ್ಲೇ ಇನ್ನೆರಡು ವಾರ ನಿಂತೆವು. ಮಧ್ಯಾಹ್ನದ ಎರಡು ಗಂಟೆಯ ನಿದ್ದೆಗೂ ಕತ್ತರಿ ಬಿತ್ತು. ಅಜ್ಜಿಗೆ ಸಿಟ್ಟು ಬಂದಿದ್ದು ಅದಕ್ಕೇ.

ಕೆನಡಾದ ಕ್ವಿಬೆಕ್‌ನಲ್ಲಿ ಹಿರಿಯರಿಗೆ ಇಂಥ ಇಳಿಕೆಯ ವಿವರವಿದ್ದ ಪುಸ್ತಿಕೆ ಕೊಟ್ಟು ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳಲ್ಲಿ ಶೇ 27ರಷ್ಟು ಮಂದಿ ನಿದ್ರೆ ಮಾತ್ರೆ ಬಿಟ್ಟರು. ಪುಸ್ತಿಕೆ ಸಿಗದವರಲ್ಲಿ ಬಿಟ್ಟವರು ಶೇ 5 ಮಾತ್ರ. ಅಂದರೆ ಪುಸ್ತಿಕೆ ಸಿಕ್ಕರೂ ಎಲ್ಲರಿಗೂ ಬಿಡಲಾಗುವುದಿಲ್ಲ, ಅದೂ ನಿಜ.

ಗ್ಯಾಸ್ ಮಾತ್ರೆಯದೂ ಇದೇ ಆಟ. ನಿಲ್ಲಿಸಿದ ಕೆಲವು ವಾರ ಹೊಟ್ಟೆ ಹೆಚ್ಚೇ ಆಮ್ಲ ಸುರಿಸುತ್ತದೆ, ಎದೆಯುರಿಯುತ್ತದೆ, ಜನ ಮತ್ತೆ ಅಂಗಡಿಗೆ ಓಡುತ್ತಾರೆ. ಅಜ್ಜಿಗೆ ಈಗ 40ರ ಬದಲು 20 ಮಿ.ಗ್ರಾಂ, ಉರಿ ಬಂದ ದಿನ ಆಂಟಾಸಿಡ್ ಸಿರಪ್. ಇದನ್ನು ನೋಡಿ ಪಕ್ಕದ ಮನೆಯ ತಾತ ತಮ್ಮದನ್ನೂ ಬಿಡಲು ಹೊರಟಿದ್ದರು. ಹಿಂದೊಮ್ಮೆ ಹುಣ್ಣಿನಿಂದ ರಕ್ತ ಹೋಗಿದೆ, ಹೃದಯಕ್ಕೆ ಆಸ್ಪಿರಿನ್ ನಡೆಯುತ್ತಿದೆ ಎಂದು ತಿಳಿದ ಫಾರ್ಮಸಿಸ್ಟ್, ‘ನಿಮಗೆ ಇದು ಬೇಕೇ ಬೇಕು ತಾತ, ನಿಲ್ಲಿಸಬೇಡಿ’ ಎಂದು ವಾಪಸ್ ಕಳಿಸಿದರು.