ಮುಂದಿನ ಕಾಯಿ ಸರಿದರೆ ಹಿಂದಿನದು ಮಾತಾಡುತ್ತೆ

ಹೋದ ತಿಂಗಳು ಊರಿಗೆ ಹೋಗಿದ್ದೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಘಟಪ್ರಭಾಕ್ಕೆ ಬಂದಿಳಿದು, ಬಸ್ಸು ಹಿಡಿದು ಬೆಲ್ಲದ ಬಾಗೇವಾಡಿ ಮುಟ್ಟುವಷ್ಟರಲ್ಲಿ ನಿದ್ದೆಗಣ್ಣು. ಅಣ್ಣನ ಮಗ ಪಡಸಾಲೆಯಲ್ಲಿ ಚೆಸ್ ಬೋರ್ಡು ಹರವಿಕೊಂಡು ಕಾಯುತ್ತಿದ್ದ. ಏಳನೇ ಕ್ಲಾಸಿನ ಹುಡುಗ, ಇವನೇನು ಮಹಾ ಎಂದು ಚಹಾ ಕುಡಿಯುತ್ತಲೇ ಆಡಲು ಕೂತೆ. ಐದೇ ನಡೆ. ಆಮೇಲೆ ಚಹಾ ಇಳಿಯಲಿಲ್ಲ!

```
1. e4 e5 2. Nf3 Nf6 3. Nxe5 Nxe4 4. Qe2 Nf6 5. Nc6+
```

ನಾಲ್ಕನೇ ನಡೆಯಲ್ಲಿ ಅವನ ರಾಣಿ ನನ್ನ ಕುದುರೆಯ ಮೇಲೆ ಬಂತು. ನಾನು ಕುದುರೆಯನ್ನು ವಾಪಸ್ ಎಫ್6ಕ್ಕೆ ಎಳೆದುಕೊಂಡೆ. ಅವನು ತನ್ನ ಕುದುರೆಯನ್ನು ಸಿ6ರಲ್ಲಿ ತಂದಿಟ್ಟ. ನನ್ನ ಎರಡು ಸಿಪಾಯಿಗಳು, ಒಂದು ಕುದುರೆ, ಮೂರೂ ಕಾಯುತ್ತಿದ್ದ ಮನೆ ಅದು. ಪುಕ್ಕಟೆ ಕುದುರೆ ಸಿಕ್ಕಿತೆಂದು ಕೈ ಚಾಚಿದೆ.

"ಕಾಕಾ, ಚೆಕ್ ಐತಿ. ಮೊದ್ಲ ರಾಜಾನ ನೋಡು."

ನೋಡಿದೆ. ಕುದುರೆ ಎದ್ದು ಹೋದ ಮೇಲೆ ಇ ಸಾಲು ಖಾಲಿ. ಇ2ರಲ್ಲಿದ್ದ ಅವನ ರಾಣಿ ನೇರವಾಗಿ ಇ8ರ ನನ್ನ ರಾಜನನ್ನು ದಿಟ್ಟಿಸುತ್ತಿದೆ. ಸಿ6ರ ಕುದುರೆ ಡಿ8ರ ನನ್ನ ರಾಣಿಯ ಮೇಲೆ ಕೂತಿದೆ. ಕುದುರೆಯನ್ನು ಹೊಡೆದರೆ ಚೆಕ್ ಹಾಗೇ ಉಳಿಯುತ್ತೆ, ಆದ್ದರಿಂದ ಹೊಡೆಯುವ ಹಾಗಿಲ್ಲ. ರಾಣಿಯನ್ನೇ ಅಡ್ಡ ತಂದರೂ ಕುದುರೆ ಅಲ್ಲೇ ಹೊಡೆಯುತ್ತೆ. ಒಂಟೆ ಅಡ್ಡ ತಂದರೆ ಡಿ8ರಲ್ಲಿ ಹೊಡೆಯುತ್ತೆ. ಹೇಗೂ ಒಂದು ಕುದುರೆಗೆ ರಾಣಿ ಹೋಯಿತು. (ನಾಲ್ಕನೇ ನಡೆಯಲ್ಲಿ ಕುದುರೆಯ ಆಸೆ ಬಿಟ್ಟು ರಾಣಿಯನ್ನು ಇ7ಕ್ಕೆ ತಂದಿದ್ದರೆ ಒಂದು ಸಿಪಾಯಿಯಲ್ಲಿ ಮುಗಿಯುತ್ತಿತ್ತು.)

ಇದು ಪೆಟ್ರಾಫ್ ಓಪನಿಂಗಿನ ಹಳೇ ಬಲೆ, ಪುಸ್ತಕಗಳಲ್ಲಿ ಇದೆ. ನಾನೂ ಓದಿದ್ದೆ, ಅದೇ ಬೇಜಾರು. ಡಿಸ್ಕವರ್ಡ್ ಚೆಕ್ ಎಂದರೇನು ಎಂದು ಯಾರು ಕೇಳಿದರೂ ಹೇಳುತ್ತಿದ್ದೆ: ಮುಂದಿನ ಕಾಯಿ ಸರಿದು ಹಿಂದಿನ ಕಾಯಿ ಕೊಡುವ ಚೆಕ್. ಆದರೂ ಬೋರ್ಡಿನ ಮೇಲೆ ಕಾಣಲಿಲ್ಲ. ಯಾಕೆ ಅಂತ ರಾತ್ರಿ ಮಾಳಿಗೆ ಮೇಲೆ ಮಲಗಿ ಯೋಚಿಸಿದಾಗ ಹೊಳೆದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚೆಸ್ ಆಡುವ ಬ್ಲಾಗಿಗರು ತಪ್ಪಿದ್ದರೆ ತಿದ್ದಿ.

ಎಲ್ಲರೂ ಕೊಡುವ ಸಲಹೆ "ಪ್ರತಿ ನಡೆಗೂ ಇರುವ ಎಲ್ಲ ಚೆಕ್‌ಗಳನ್ನು ನೋಡು" ಎಂಬುದು. ನನ್ನ ಪ್ರಕಾರ ಈ ಸಲಹೆ ಡಿಸ್ಕವರ್ಡ್ ಚೆಕ್ಕಿನ ಮಟ್ಟಿಗೆ ಕೆಲಸಕ್ಕೆ ಬರಲ್ಲ. ಚೆಕ್ ಹುಡುಕುವಾಗ ನಮ್ಮ ಕಣ್ಣು ಹುಡುಕುವುದು ರಾಜನ ಮೇಲೆ ಬೀಳಬಲ್ಲ ಕಾಯಿಯನ್ನು. ಇಲ್ಲಿ ನಡೆಯುವ ಕಾಯಿ ಒಂದು, ಚೆಕ್ ಕೊಡುವ ಕಾಯಿ ಇನ್ನೊಂದು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ನಡೆಯುವ ಕಾಯಿ ಹೋಗಬೇಕಾದ ಮನೆ ಸಾಮಾನ್ಯವಾಗಿ ಎದುರಾಳಿ ಕಾಯುತ್ತಿರುವ ಮನೆ. "ಅಲ್ಲಿ ಹೋದರೆ ಹೊಡೀತಾನೆ" ಎಂದು ಮನಸ್ಸು ಆ ನಡೆಯನ್ನು ಪಟ್ಟಿಗೆ ಸೇರಿಸುವ ಮೊದಲೇ ಕಿತ್ತು ಹಾಕಿರುತ್ತೆ. ಪಟ್ಟಿಯಲ್ಲೇ ಇಲ್ಲದ್ದನ್ನು ಎಷ್ಟು ಸಲ ನೋಡಿದರೇನು?

ಓಪನಿಂಗ್ ಬಲೆ ಬಿಡಿ, ಬಾಯಿಪಾಠ ಮಾಡಬಹುದು. ನಿಜವಾದ ಪರೀಕ್ಷೆ ಆಟದ ನಡುವೆ, ಇಪ್ಪತ್ತು ನಡೆ ಕಳೆದು ಬೋರ್ಡು ಗೋಜಲಾಗಿರುವಾಗ. ಅದಕ್ಕೆ ನನಗೆ ತುಂಬಾ ಇಷ್ಟವಾದ ಆಟ ಮಾಸ್ಕೋ 1925ರದ್ದು. ಬಿಳಿ ಕಾಯಿಗಳಲ್ಲಿ ಮೆಕ್ಸಿಕೋದ ಕಾರ್ಲೋಸ್ ಟೋರೆ, ಇಪ್ಪತ್ತು ವರ್ಷದ ಹುಡುಗ. ಎದುರಿಗೆ ಇಮ್ಯಾನುಯೆಲ್ ಲಾಸ್ಕರ್, 1894ರಿಂದ 1921ರವರೆಗೆ ವಿಶ್ವ ಚಾಂಪಿಯನ್ ಆಗಿದ್ದವರು. 24 ನಡೆ ಮುಗಿದು ಟೋರೆ ಆಡಬೇಕಾದಾಗ ಬೋರ್ಡು ಹೀಗಿತ್ತು (ದೊಡ್ಡಕ್ಷರ ಬಿಳಿ, ಚಿಕ್ಕಕ್ಷರ ಕಪ್ಪು):

```
8  r . . . r n k .
7  p b . . . p p .
6  . . . p p . . p
5  . q . . . . B Q
4  . P . P . . . .
3  . . . . N . R .
2  P . . . . P P P
1  . . . . R . K .
   a b c d e f g h
```

ಎಣಿಸಿ ನೋಡಿ, ಎರಡೂ ಕಡೆ ಕಾಯಿಗಳು ಸರಿಸಮ. ಬಿಳಿಯ ಒಂಟೆ ಜಿ5ರಲ್ಲಿದೆ, ಎಚ್6ರ ಸಿಪಾಯಿ ಅದನ್ನು ಹೊಡೆಯಲು ನಿಂತಿದೆ. ಈಗ ಕಪ್ಪು ರಾಜನಿಗೆ ಇರುವ ಚೆಕ್‌ಗಳನ್ನು ಪಟ್ಟಿ ಮಾಡಿ ಎಂದರೆ ಉಪಯೋಗಕ್ಕೆ ಬರುವಂಥದ್ದು ಒಂದೂ ಸಿಗುವುದಿಲ್ಲ. ಅದನ್ನು ಬಿಟ್ಟು ಗೆರೆಗಳನ್ನು ನೋಡಿ. ಐದನೇ ಅಡ್ಡಸಾಲಿನಲ್ಲಿ ಎರಡೂ ರಾಣಿಯರು ಮುಖಾಮುಖಿ ಇದ್ದಾರೆ, ನಡುವೆ ಬಿಳಿಯ ಒಂಟೆ ಮಾತ್ರ. ಕಪ್ಪು ರಾಣಿಗೆ ಯಾರ ಬೆಂಬಲವೂ ಇಲ್ಲ. ಜಿ ಸಾಲಿನಲ್ಲಿ ಜಿ3ರ ಆನೆ, ಅದರ ಮುಂದೆ ಅದೇ ಒಂಟೆ, ಆಮೇಲೆ ಜಿ7ರ ಸಿಪಾಯಿ, ಅದರ ಹಿಂದೆ ರಾಜ. ಒಂದೇ ಒಂಟೆ ಎರಡು ಬಾಗಿಲು ಮುಚ್ಚಿಕೊಂಡು ಕೂತಿದೆ! ಇದು ಕಂಡ ಮೇಲೆ ಪ್ರಶ್ನೆ ಒಂದೇ, ಒಂಟೆ ಎಲ್ಲಿಗೆ ಹೋಗಬೇಕು?

```
25. Bf6  Qxh5  26. Rxg7+ Kh8  27. Rxf7+ Kg8
28. Rg7+ Kh8   29. Rxb7+ Kg8  30. Rg7+  Kh8
31. Rg5+ Kh7   32. Rxh5  Kg6  33. Rh3   Kxf6
34. Rxh6+
```

ಟೋರೆ ಎಫ್6ಕ್ಕೆ ಇಟ್ಟರು. ಜಿ7ರ ಸಿಪಾಯಿ ಅದನ್ನು ಹೊಡೆಯುವಂತಿಲ್ಲ, ಹಿಂದೆ ರಾಜ ಇದ್ದಾನೆ, ಎದುರಿಗೆ ಆನೆ. ಕಪ್ಪು ರಾಣಿಯ ಮೇಲೆ ಬಿಳಿ ರಾಣಿ ಬಿದ್ದಿರುವುದರಿಂದ ಲಾಸ್ಕರ್ ಎಚ್5ರಲ್ಲಿ ಬಿಳಿ ರಾಣಿಯನ್ನು ಹೊಡೆದರು. ಆನೆ ಜಿ7ರಲ್ಲಿ ಹೊಡೆದು ಚೆಕ್. ರಾಜನಿಗೆ ಎಚ್8 ಬಿಟ್ಟು ಬೇರೆ ಜಾಗ ಇಲ್ಲ. ಈಗ ಎಫ್6ರ ಒಂಟೆ, ಅದರ ಮುಂದೆ ಜಿ7ರ ಆನೆ, ಕೊನೆಗೆ ಎಚ್8ರ ರಾಜ, ಮೂವರೂ ಒಂದೇ ಓರೆ ಗೆರೆಯಲ್ಲಿ. ಇನ್ನು ಆನೆ ಎಲ್ಲಿಗೆ ಹೋದರೂ ಒಂಟೆಯ ಚೆಕ್.

ಇಲ್ಲಿ ನಮ್ಮಂಥವರು ಏನು ಮಾಡುತ್ತೇವೆ? ಆನೆಯನ್ನು ತಕ್ಷಣ ಜಿ5ಕ್ಕೆ ತಂದು ಚೆಕ್ ಕೊಟ್ಟು, ಎಚ್5ರ ರಾಣಿಯನ್ನು ವಸೂಲಿ ಮಾಡಿಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ಆನೆ ಏಳನೇ ಅಡ್ಡಸಾಲು ಬಿಟ್ಟಿತೆಂದರೆ ರಾಜನಿಗೆ ಎಚ್7 ತೆರೆಯಿತು. ಅಲ್ಲಿಗೆ ಹೋಗುತ್ತಾನೆ, ನಾವು ರಾಣಿ ಹೊಡೆಯುತ್ತೇವೆ, ಅವನು ಜಿ6ಕ್ಕೆ ಬಂದು ನಮ್ಮ ಆನೆ, ಒಂಟೆ ಎರಡರ ಮೇಲೂ ಒಟ್ಟಿಗೆ ಬೀಳುತ್ತಾನೆ. ಆನೆ ಉಳಿಸಿಕೊಂಡರೆ ಒಂಟೆ ಹೋಯಿತು. ರಾಣಿಗೆ ರಾಣಿ ಸರಿಹೋಯಿತು, ಒಂಟೆಗೆ ಬದಲಾಗಿ ಸಿಕ್ಕಿದ್ದು ಎರಡು ಸಿಪಾಯಿ. ರಾಣಿ ಗೆದ್ದೆವೆಂದು ಕುಣಿಯುತ್ತಾ ಸೋಲುವ ದಾರಿ ಇದು.

ಟೋರೆ ರಾಣಿಯನ್ನು ಮುಟ್ಟಲಿಲ್ಲ. ಆನೆ ಎಫ್7ರ ಸಿಪಾಯಿ ತಿಂದಿತು, ಚೆಕ್. ಎಚ್7 ಈಗಲೂ ಆನೆಯ ಸಾಲಿನಲ್ಲೇ ಇದೆ, ಹಾಗಾಗಿ ರಾಜ ಜಿ8ಕ್ಕೆ ಹೋಗಲೇಬೇಕು. ಆನೆ ವಾಪಸ್ ಜಿ7, ಚೆಕ್, ರಾಜ ಮತ್ತೆ ಎಚ್8. ಆಮೇಲೆ ಆನೆ ದೂರದ ಬಿ7ರ ಒಂಟೆಯನ್ನು ತಿಂದಿತು, ಮತ್ತೆ ವಾಪಸ್. ಗಾಳಿಗಿರಣಿ ತಿರುಗಿದ ಹಾಗೆ ಎಂದು ಇದಕ್ಕೆ ವಿಂಡ್‌ಮಿಲ್ ಅಂತಲೇ ಹೆಸರು. ಅಷ್ಟೂ ಹೊತ್ತು ಎಚ್5ರಲ್ಲಿ ಕೂತ ಲಾಸ್ಕರ್ ರಾಣಿಗೆ ಅಲುಗಾಡಲು ಒಂದು ನಡೆಯೂ ಸಿಗಲಿಲ್ಲ, ಪ್ರತಿ ನಡೆಯೂ ರಾಜನಿಗೇ ಖರ್ಚು. ಎಲ್ಲ ಮುಗಿದ ಮೇಲೆ 31ನೇ ನಡೆಯಲ್ಲಿ ಆನೆ ಜಿ5ಕ್ಕೆ ಬಂತು, ರಾಣಿ ಹೋಯಿತು. ಆಮೇಲೆ ಅದೇ ಎಚ್7, ಜಿ6 ದಾರಿಯಲ್ಲಿ ರಾಜ ಬಂದು ಒಂಟೆ ತಿಂದ. ಆದರೆ ಅಷ್ಟರಲ್ಲಿ ಬಿ7ರ ಒಂಟೆ ನಮ್ಮ ಖಾತೆಯಲ್ಲಿ ಜಮಾ ಆಗಿತ್ತು. ಕೊನೆಗೆ ಟೋರೆ ಮೂರು ಸಿಪಾಯಿ ಮುಂದೆ, 43ನೇ ನಡೆಯಲ್ಲಿ ಗೆಲುವು.

ಈ ಜಿ5 ಮನೆಯನ್ನು ಇನ್ನೊಮ್ಮೆ ನೋಡಿ. ಅದನ್ನು ಎಚ್6ರ ಸಿಪಾಯಿ ಕಾಯುತ್ತಿದೆ! ನನ್ನ ಸಿ6 ಮನೆಯದೇ ಕತೆ. ಚೆಕ್ ಇರುವ ಆ ಒಂದು ನಡೆಯ ಮಟ್ಟಿಗೆ ಸಿಪಾಯಿಯ ಕಾವಲು ರದ್ದು. ಒಂದೇ ನಡೆ, ಅದಕ್ಕಿಂತ ಹೆಚ್ಚಿಲ್ಲ. ಮುಂದಿನ ನಡೆಯಲ್ಲಿ ರಾಣಿಯನ್ನು ಹೊಡೆಯದೆ ಆನೆಯನ್ನು ಅಲ್ಲೇ ಬಿಟ್ಟರೆ ಸಿಪಾಯಿ ತಿಂದುಬಿಡುತ್ತೆ.

ಕೈಕೊಡುವುದೂ ಉಂಟು. ಆನೆ ಜಿ7ರಲ್ಲಿ ನಿಂತ ಆ ಸ್ಥಿತಿಯಲ್ಲಿ ಕಪ್ಪು ರಾಣಿ ಎಚ್5ರ ಬದಲು ಒಂದೇ ಮನೆ ಆಚೆ, ಎಚ್4ರಲ್ಲಿ ಇತ್ತು ಅಂದುಕೊಳ್ಳಿ. ಆನೆಯನ್ನು ಜಿ4ಕ್ಕೆ ತಂದು ಚೆಕ್ ಕೊಟ್ಟು ರಾಣಿಯ ಮೇಲೆ ಬೀಳೋಣ ಅನ್ನಿಸುತ್ತೆ. ಆದರೆ ಎಚ್4ರಿಂದ ರಾಣಿ ಓರೆಯಾಗಿ ಎಫ್6ರ ಒಂಟೆಯನ್ನೇ ನೋಡುತ್ತಿರುತ್ತೆ, ಚೆಕ್ ಕೊಟ್ಟವನನ್ನೇ ತಿಂದು ಹಾಕುತ್ತೆ. ಅದಕ್ಕೇ ಕಾಯಿ ಎತ್ತುವ ಮೊದಲು ನಾನೀಗ ಕೇಳಿಕೊಳ್ಳುವ ಪ್ರಶ್ನೆ: ಹೊಡೆತಕ್ಕೆ ಸಿಕ್ಕ ರಾಣಿಯೇ ಹಿಂದಿನ ಕಾಯಿಯನ್ನು ತಿನ್ನಬಹುದಾ? ಅಡ್ಡ ಬಂದರೆ ಆಗಲೂ ನಮಗೆ ಸಿಗುತ್ತಾ? ಪೆಟ್ರಾಫ್ ಬಲೆಯಲ್ಲಿ ರಾಣಿ ಅಡ್ಡ ಬಂದರೂ ಕುದುರೆಗೆ ಸಿಗುತ್ತಿತ್ತು, ಅದಕ್ಕೇ ಅದು ಬಲೆ.

ಇನ್ನು ಪಝಲ್ ಸೈಟುಗಳ ಬಗ್ಗೆ ಒಂದು ತಕರಾರು. ನಾನು ಆಫೀಸಿನ ಕ್ಯಾಬಿನಲ್ಲಿ ಕೂತು ದಿನಾ ಬಿಡಿಸುತ್ತೇನೆ, ಪರವಾಗಿಲ್ಲ ಅನ್ನುವಷ್ಟು ಬರುತ್ತೆ. ಆದರೆ "ಬಿಳಿ ಆಡಿ ಗೆಲ್ಲಬೇಕು" ಎಂದು ಬರೆದಿಟ್ಟ ಕೂಡಲೇ ಅರ್ಧ ಉತ್ತರ ಕೊಟ್ಟ ಹಾಗಾಯಿತು. ಏನೋ ಇದೆ ಎಂದು ಗೊತ್ತಿದ್ದರೆ ಹುಚ್ಚುಚ್ಚು ನಡೆಗಳನ್ನೂ ನೋಡುತ್ತೇವೆ, ಸಿಪಾಯಿ ಕಾಯುವ ಮನೆಗೂ ಆನೆಯನ್ನು ಇಟ್ಟು ನೋಡುತ್ತೇವೆ. ಆಟದಲ್ಲಿ ಹಾಗೆ ಯಾರೂ ಭುಜ ತಟ್ಟಿ ಹೇಳುವುದಿಲ್ಲ. ಲಾಸ್ಕರ್‌ಗೂ ಯಾರೂ ಹೇಳಲಿಲ್ಲ, 24ನೇ ನಡೆಯಲ್ಲಿ ತಾವಾಗಿಯೇ ರಾಣಿಯನ್ನು ಬಿ5ಕ್ಕೆ, ಬಿಳಿ ರಾಣಿಯ ಸಾಲಿಗೆ ಬೆಂಬಲವಿಲ್ಲದೆ ತಂದಿಟ್ಟಿದ್ದರು.

ಮಾರನೇ ದಿನ ಅಣ್ಣನ ಮೇಲೆ ಒಂದು ಪ್ರಯೋಗ ಮಾಡಿದೆ. ಅವನು ಚೆಸ್ಸನ್ನು ಚಿಕ್ಕಂದಿನಿಂದ ಆಡಿದವನು, ರಾಣಿಗೆ ಈಗಲೂ ವಜೀರ ಅಂತಾನೆ. 30ನೇ ನಡೆ ಮುಗಿದ ಸ್ಥಿತಿ ಜೋಡಿಸಿ, ಗೆಲ್ಲಬೇಕು ಎಂದೇನೂ ಹೇಳದೆ, "ಬಿಳಿ ನಿಂದು, ಆಡು" ಅಂದೆ. ತಂಬಾಕು ತಿಕ್ಕುತ್ತಾ ಐದು ನಿಮಿಷ ನೋಡಿದ. ಆನೆಯಿಂದ ಎ7ರ ಸಿಪಾಯಿ ತಿನ್ನುವುದು ಹೇಳಿದ. ನಾನು ಮಾತಾಡದೆ ಎಚ್6ರ ಸಿಪಾಯಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

"ಅಯ್ಯ, ಹಂಗಾರ ಜಿ5ಕ್ಕ ಆನಿ ಇಟ್ರ ವಜೀರ ಹೋತಲ್ಲೋ!"

ಸಿಪಾಯಿಯನ್ನು ಜೇಬಿನಿಂದ ತೆಗೆದು ವಾಪಸ್ ಎಚ್6ರಲ್ಲಿ ಇಟ್ಟೆ. ಅಣ್ಣ ಬೋರ್ಡು ನೋಡಿದ, ನನ್ನ ಮುಖ ನೋಡಿದ, ಮತ್ತೆ ಬೋರ್ಡು ನೋಡಿದ. ಬಾಗಿಲ ಹತ್ತಿರ ನಿಂತಿದ್ದ ಅವನ ಮಗ ಕಿಸಕ್ಕನೆ ನಕ್ಕ.