ಮೌನವನ್ನೂ ಬರೆಯಬೇಕು

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಕಡೆ ಕೃಷ್ಣೆಯ ದಂಡೆಗುಂಟ ಹೋದರೆ ಹಸಿರು ಕಬ್ಬಿನ ನಡುವೆ ಅಲ್ಲಲ್ಲಿ ಬೋಳು ತುಂಡುಗಳು ಕಾಣುತ್ತವೆ. ಬೇಸಿಗೆಯಲ್ಲಿ ಕೆಲವು ಹೊಲಗಳ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ಇನ್ನು ಕೆಲವದರಲ್ಲಿ ಮಳೆ ಬಂದು ವಾರವಾದರೂ ನೀರು ಇಂಗಿರುವುದಿಲ್ಲ. ಸವಳು-ಜವಳು ಎಂದು ಸರ್ಕಾರಿ ಕಾಗದಗಳಲ್ಲಿ ಒಟ್ಟಿಗೆ ಬರೆಯುವ ಈ ಹೊಲಗಳ ರೋಗ ಒಂದೇ ಅಲ್ಲ, ಮದ್ದೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ರೈತನಿಗೆ ಮೊಬೈಲಿನಲ್ಲೇ ಕಲಿಸುವ ಒಂದು ಆನ್‌ಲೈನ್ ಪಾಠವನ್ನು ಕಲ್ಪಿಸಿಕೊಳ್ಳಿ. ಹತ್ತು ನಿಮಿಷ, ಹನ್ನೆರಡು ಸ್ಲೈಡು. ಒತ್ತಿದರೆ ಸಾಕು, ದನಿಯೊಂದಿಗೆ ತಾನೇ ಓಡುತ್ತದೆ. ಅದರ ನಿರೂಪಣೆಯನ್ನು ಬರೆಯುವುದು ಹೇಗೆ ಎಂಬುದು ಈ ವಾರದ ವಿಷಯ.

ಎದುರಿಗೆ ಕೂತು ಪಾಠ ಮಾಡುವಾಗ ವೇಗವನ್ನು ತೀರ್ಮಾನಿಸುವುದು ಮೇಷ್ಟರಲ್ಲ, ಕೇಳುವವರ ಮುಖ. ಯಾರೋ ಬರೆದುಕೊಳ್ಳುತ್ತಿದ್ದಾರೆ ಅಂದರೆ ಮಾತು ತಾನಾಗಿ ನಿಲ್ಲುತ್ತದೆ. ತಾನೇ ಓಡುವ ಪಾಠದಲ್ಲಿ ಆ ಮುಖ ಇಲ್ಲ. ಹಾಗಾಗಿ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ಮಾತಿಗೆ ಯಾವ ಚಿತ್ರ ಮೂಡಬೇಕು ಎಂಬುದನ್ನೆಲ್ಲ ಮೊದಲೇ ಕಾಗದದ ಮೇಲೆ ಬರೆದಿಡಬೇಕು. ನಾನು ಬಳಸುವುದು ಎರಡೇ ಗುರುತು. ‘ತಡೆ’ ಎಂದರೆ ಅಷ್ಟು ಸೆಕೆಂಡ್ ಸುಮ್ಮನಿರುವುದು. ‘ಕ್ಲಿಕ್’ ಎಂದರೆ ಪರದೆಯ ಮೇಲೆ ಮುಂದಿನದು ಮೂಡುವುದು. ಐದಾರು ಬಣ್ಣ, ಬಾಣ, ಚಿಹ್ನೆಗಳನ್ನು ಹಾಕಿದ ಪ್ರತಿಗಳನ್ನೂ ನೋಡಿದ್ದೇನೆ. ಓದುವವರ ಕಣ್ಣು ಗುರುತುಗಳಲ್ಲೇ ಸಿಕ್ಕಿಕೊಂಡು ದನಿ ಸತ್ತುಹೋಗುತ್ತದೆ.

ಮೊದಲು ಅಳತೆ. ನಿರೂಪಣೆಯನ್ನು ನಿಮಿಷಕ್ಕೆ ಇಷ್ಟು ಪದ ಎಂದು ಲೆಕ್ಕ ಹಾಕುವ ಪದ್ಧತಿ ಇಂಗ್ಲಿಷಿನದು. ಕನ್ನಡಕ್ಕೆ ಅದು ಒಗ್ಗುವುದಿಲ್ಲ. ‘ಬಸಿಗಾಲುವೆಯಿಂದ’ ಎಂಬುದು ಒಂದೇ ಪದ, ‘ಆ’ ಎಂಬುದೂ ಒಂದೇ ಪದ. ಅಕ್ಷರ ಎಣಿಸುವುದೇ ಸರಿ. ಒತ್ತಕ್ಷರವನ್ನು ಒಂದೇ ಎಂದು ಹಿಡಿದು, ಅಂಕಿಗಳನ್ನು ಬಾಯಲ್ಲಿ ಹೇಳುವ ಹಾಗೆ ಬಿಡಿಸಿ ಬರೆದರೆ, ಬರೆದುಕೊಳ್ಳಬೇಕಾದ ಪಾಠಕ್ಕೆ ನಿಮಿಷಕ್ಕೆ 280 ಅಕ್ಷರದ ಆಸುಪಾಸು ಹಿತವಾಗಿ ಕೇಳುತ್ತದೆ ಎಂಬುದು ನಾನು ಇಟ್ಟುಕೊಂಡಿರುವ ಲೆಕ್ಕ. ಓದುವವರ ದನಿಗೆ ತಕ್ಕಂತೆ ಇದು ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ. ಒಂದು ನಿಮಿಷ ಜೋರಾಗಿ ಓದಿ ಎಣಿಸಿದರೆ ನಿಮ್ಮ ಲೆಕ್ಕ ನಿಮಗೆ ಸಿಗುತ್ತದೆ.

ವೇಗವಾಗಿ ಮಾತಾಡಿದರೇ ಒಳ್ಳೆಯದು ಎನ್ನುವವರೂ ಇದ್ದಾರೆ, ಅವರ ಮಾತಿಗೆ ಆಧಾರವೂ ಇದೆ. ಎಡ್‌ಎಕ್ಸ್ ಕೋರ್ಸುಗಳಲ್ಲಿ ವಿಡಿಯೊ ನೋಡಿದ ಸುಮಾರು 69 ಲಕ್ಷ ಸಲದ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆರು ನಿಮಿಷ ಮೀರಿದರೆ ನೋಡುಗರ ಗಮನ ಕಳಚುತ್ತದೆ, ಚುರುಕಾಗಿ ಮಾತಾಡುವವರನ್ನು ಜನ ಹೆಚ್ಚು ಹೊತ್ತು ನೋಡುತ್ತಾರೆ ಎಂದಿತು. ಆದರೆ ಅದೇ ಅಧ್ಯಯನ ಉಪನ್ಯಾಸವನ್ನೂ ಹಂತಹಂತವಾಗಿ ಮಾಡಿ ತೋರಿಸುವ ಪಾಠವನ್ನೂ ಬೇರೆಬೇರೆಯಾಗಿ ನೋಡಿತು. ಎರಡನೆಯದನ್ನು ಜನ ಹಿಂದಕ್ಕೆ ಮುಂದಕ್ಕೆ ಎಳೆದು ಬೇಕಾದಷ್ಟನ್ನೇ ನೋಡುತ್ತಾರೆ. ನಮ್ಮ ಪಾಠ ಎರಡನೆಯ ಜಾತಿಯದು. ಹತ್ತು ನಿಮಿಷವನ್ನು ಎರಡು ತುಂಡು ಮಾಡುವ ಸಲಹೆಯನ್ನು ನಾನು ಒಪ್ಪುತ್ತೇನೆ, ವೇಗದ್ದನ್ನು ಒಪ್ಪುವುದಿಲ್ಲ.

ಈಗ ಒಂದೇ ಸ್ಲೈಡನ್ನು ಹತ್ತಿರದಿಂದ ನೋಡೋಣ. ಮಣ್ಣಿನಲ್ಲಿ ಕರಗುವ ಉಪ್ಪು ಮಾತ್ರ ಹೆಚ್ಚಾಗಿದ್ದರೆ ಒಳ್ಳೆಯ ನೀರು ಕಟ್ಟಿ ಉಪ್ಪನ್ನು ಕೆಳಗಿಳಿಸಿ, ಬಸಿಗಾಲುವೆಯಿಂದ ಹೊರಗೆ ಸಾಗಿಸಬೇಕು. ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡು ಹೊಲ ಗಟ್ಟಿಯಾಗಿದ್ದರೆ ಜಿಪ್ಸಂ ಬೇಕು. ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಬಂದು ಕೂರುತ್ತದೆ. ಮೊದಲನೆಯ ಹೊಲಕ್ಕೆ ಜಿಪ್ಸಂ ಸುರಿದರೆ ದುಡ್ಡು ಹೋಯಿತು, ಅಷ್ಟೇ. ವಿಷಯ ಬಲ್ಲವರು ಇದನ್ನು ಹೀಗೆ ಬರೆದುಕೊಡುತ್ತಾರೆ:

“ಉಪ್ಪು ಮಾತ್ರ ಹೆಚ್ಚಿರುವ, ಸೋಡಿಯಂ ಪಾಲು ನೂರಕ್ಕೆ ಹದಿನೈದಕ್ಕಿಂತ ಕಡಿಮೆ ಇರುವ, ಬಸಿಗಾಲುವೆ ಇಲ್ಲದ ಹೊಲಕ್ಕೆ ಎಕರೆಗೆ ಎಷ್ಟೇ ಟನ್ ಜಿಪ್ಸಂ ಹಾಕಿದರೂ ಪ್ರಯೋಜನ ಆಗುವುದಿಲ್ಲ.”

ಕಾಗದದ ಮೇಲೆ ಈ ವಾಕ್ಯದಲ್ಲಿ ತಪ್ಪಿಲ್ಲ. ಅಕ್ಷರ 61, ಅಂದರೆ ಹದಿಮೂರು ಸೆಕೆಂಡ್. ಈಗ ಪರದೆಯನ್ನು ಜೋಡಿಸಿ. ‘ಜಿಪ್ಸಂ’ ಎಂದಾಗ ಜಿಪ್ಸಂ ಚೀಲದ ಚಿತ್ರ ಮೂಡಲಿ ಎಂದು ಚಿತ್ರ ಜೋಡಿಸುವವರು ಸಹಜವಾಗಿಯೇ ಗುರುತು ಹಾಕುತ್ತಾರೆ. ಆ ಪದ ಬರುವುದು ಹತ್ತನೆಯ ಸೆಕೆಂಡಿನಲ್ಲಿ. ‘ಆಗುವುದಿಲ್ಲ’ ಎಂಬುದು ಮುಗಿಯುವುದು ಹದಿಮೂರರಲ್ಲಿ. ನಡುವಿನ ಮೂರು ಸೆಕೆಂಡಿನಲ್ಲಿ ಪರದೆಯ ಮೇಲೆ ಚೀಲ ಇದೆ, ಎಕರೆಗೆ ಇಷ್ಟು ಟನ್ ಎಂಬ ಮಾತೂ ಕಿವಿಗೆ ಬಿದ್ದಿದೆ, ಬೇಡ ಎನ್ನುವ ಮಾತು ಮಾತ್ರ ಇನ್ನೂ ಬಂದಿಲ್ಲ. ಕೇಳುವವನು ‘ಜಿಪ್ಸಂ’ ಎಂದು ಬರೆದುಕೊಂಡಾಗಿರುತ್ತದೆ. ಬರೆಯುವ ಗಡಿಬಿಡಿಯಲ್ಲಿ ಕೊನೆಯ ಪದ ಕಿವಿಯ ಪಕ್ಕದಿಂದ ಹಾದುಹೋಗುತ್ತದೆ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬೇಕೋ ಬೇಡವೋ ಎಂಬ ತೀರ್ಪು ಅದರಲ್ಲೇ ಇರುತ್ತದೆ. ಎದುರಿಗೆ ನಿಂತು ಮಾತಾಡುವಾಗ ಕೈ ಬೀಸಿ, ತಲೆಯಾಡಿಸಿ ಆ ತೀರ್ಪನ್ನು ಮೊದಲೇ ಸೂಚಿಸಿಬಿಡುತ್ತೇವೆ. ಮುಖ ಕಾಣದ ದನಿಗೆ ಆ ಅನುಕೂಲ ಇಲ್ಲ. ಆದ್ದರಿಂದ ಕನ್ನಡ ನಿರೂಪಣೆಯಲ್ಲಿ ಕ್ಲಿಕ್ಕಿನ ಗುರುತನ್ನು ನಾಮಪದದ ಮೇಲೆ ಹಾಕಬಾರದು, ಕ್ರಿಯಾಪದ ಮುಗಿದ ಮೇಲೆ ಹಾಕಬೇಕು. ವಾಕ್ಯ ಉದ್ದವಾಗಿದ್ದರೆ ಒಡೆದು, ತೀರ್ಪನ್ನು ಮುಂದಕ್ಕೆ ತರಬೇಕು. ಅದೇ ಮಾತು ಹೀಗಾಗುತ್ತದೆ:

ಇಂಥ ಹೊಲಕ್ಕೆ ಜಿಪ್ಸಂ ಬೇಡ. [ಕ್ಲಿಕ್: ಚೀಲ, ಮೇಲೆ ಅಡ್ಡಗೆರೆ] [ತಡೆ 2]
ಇಲ್ಲಿ ತೊಂದರೆ ಸೋಡಿಯಂನದ್ದಲ್ಲ, ಉಪ್ಪಿನದು. [ತಡೆ 1]
ಉಪ್ಪು ನೀರಿನಲ್ಲಿ ಕರಗಿ ಕೆಳಕ್ಕೆ ಇಳಿಯಬೇಕು. [ತಡೆ 1]
ಇಳಿದ ನೀರು ಬಸಿಗಾಲುವೆಯಿಂದ ಹೊಲದ ಆಚೆ ಹೋಗಬೇಕು. [ಕ್ಲಿಕ್: ಬಸಿಗಾಲುವೆ] [ತಡೆ 4]

ಇದರಲ್ಲಿ 62 ಅಕ್ಷರ ಇದೆ. ಮಾತಿನ ಹೊತ್ತು ಅದೇ ಹದಿಮೂರು ಸೆಕೆಂಡ್, ಮೌನದ್ದು ಎಂಟು. ಸ್ಲೈಡು ಇಪ್ಪತ್ತೊಂದು ಸೆಕೆಂಡಿಗೆ ಬೆಳೆಯಿತು. ಆ ಎಂಟು ಸೆಕೆಂಡನ್ನು ಉಳಿಸಲು ಹೋಗಬೇಡಿ. ಕೊನೆಯ ನಾಲ್ಕು ಸೆಕೆಂಡಿನಲ್ಲಿ ರೈತ ತನ್ನ ಹೊಲದ ಇಳಿಜಾರು ಯಾವ ಕಡೆಗಿದೆ, ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂದು ಯೋಚಿಸುತ್ತಾನೆ.

ಅಂಕಿಗಳಿರುವ ಸ್ಲೈಡಿನಲ್ಲಿ ತೊಡಕು ಇನ್ನೊಂದು ಬಗೆಯದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ರಸಸಾರ, ವಿದ್ಯುತ್ ವಾಹಕತೆ ಎರಡೂ ಅದರಲ್ಲಿವೆ, ಸೋಡಿಯಂ ಪಾಲು ಇಲ್ಲ. ಪಠ್ಯಪುಸ್ತಕದಲ್ಲಿ ವಾಹಕತೆ 4 ದಾಟಿದರೆ ಉಪ್ಪಿನ ಮಣ್ಣು ಎಂದಿದೆ. ಆ 4 ಎಂಬುದು ಮಣ್ಣನ್ನು ನೀರಿನಲ್ಲಿ ಕೆಸರಿನ ಹದಕ್ಕೆ ಕಲಸಿ ಹಿಂಡಿ ತೆಗೆದ ರಸದ ಅಳತೆ. ಸಾಮಾನ್ಯ ಪರೀಕ್ಷೆಯಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಹಾಕಿ ಅಳೆಯುತ್ತಾರೆ. ನೀರು ಹೆಚ್ಚು, ಹಾಗಾಗಿ ಅಂಕಿ ಬಹಳ ಕಡಿಮೆ ಬರುತ್ತದೆ. ನಿರೂಪಕ “ನಾಲ್ಕು ದಾಟಿದರೆ ಅಪಾಯ” ಎಂದಷ್ಟೇ ಹೇಳಿ ಮುಂದೆ ಹೋದರೆ, ಕಾರ್ಡಿನಲ್ಲಿ ಒಂದೂವರೆ ನೋಡಿದ ರೈತ ನೆಮ್ಮದಿಯಿಂದ ಮಲಗುತ್ತಾನೆ. ಇಂಥ ಕಡೆ ತಡೆಯೊಂದರಿಂದ ಸಾಲದು. ಪರದೆಯ ಮೇಲೆ ಒಂದೇ ಅಂಕಿ ಇರಲಿ, ಉಳಿದವು ಬೇಡ. “ನಿಮ್ಮ ಕಾರ್ಡು ಕೈಗೆ ತೆಗೆದುಕೊಳ್ಳಿ” ಎಂದು ಹೇಳಿ ಎಂಟು ಸೆಕೆಂಡ್ ಬಿಡಿ. ಆಮೇಲೆ ಯಾವ ಪ್ರಯೋಗಾಲಯದಲ್ಲಿ ಯಾವ ಅಳತೆ ಕೇಳಬೇಕು ಎಂಬುದನ್ನು ಬೇರೆ ಸ್ಲೈಡಿನಲ್ಲಿ ಹೇಳಿ.

ಗಡಿಯ ಈ ತಾಲ್ಲೂಕುಗಳಲ್ಲಿ ಮನೆಯಲ್ಲಿ ಮರಾಠಿ, ಪೇಟೆಯಲ್ಲಿ ಕನ್ನಡ ಆಡುವವರು ಬಹಳ. ನಿಪ್ಪಾಣಿಯಲ್ಲಂತೂ ಕೇಳುವುದೇ ಬೇಡ. ಮರಾಠಿ ಕೃಷಿ ಬರಹಗಳಲ್ಲಿ ‘ಕ್ಷಾರಪಡ’ ಎಂದರೆ ಉಪ್ಪಿನ ಜಮೀನು, ಸೋಡಿಯಂ ಹೆಚ್ಚಿರುವುದಕ್ಕೆ ‘ಚೋಪಣ’ ಎನ್ನುತ್ತಾರೆ. ನಮ್ಮ ಕನ್ನಡ ಪುಸ್ತಕಗಳಲ್ಲಿ ಸೋಡಿಯಂ ಹೊಲಕ್ಕೇ ‘ಕ್ಷಾರ ಮಣ್ಣು’ ಎಂದು ಹೆಸರು. ನಿರೂಪಣೆಯಲ್ಲಿ “ಕ್ಷಾರ ಮಣ್ಣಿಗೆ ಜಿಪ್ಸಂ ಹಾಕಿ” ಎಂದು ಬಂದರೆ ಮಂಗಸೂಳಿಯ ಮರಾಠಿ ರೈತ ತನ್ನ ಉಪ್ಪಿನ ಹೊಲಕ್ಕೇ ಹೇಳಿದ್ದು ಎಂದುಕೊಳ್ಳುವುದು ಸಹಜ. ಈ ಭಾಗದ ಪಾಠದಲ್ಲಿ ಆ ಪದವನ್ನು ಬಿಟ್ಟು ‘ಉಪ್ಪಿನ ಹೊಲ’, ‘ಸೋಡಿಯಂ ಹೊಲ’ ಎಂದು ಬರೆಯುವುದೇ ಲೇಸು. ದನಿ ಮಾತ್ರ ಈ ಸೀಮೆಯದೇ ಆಗಿರಲಿ. ‘ಆಗತೈತಿ’, ‘ಹೋಗತೈತಿ’ ಎಂದು ಪೂರ್ತಿ ಆಡುಮಾತಿನಲ್ಲೇ ಬರೆಯಬೇಕು ಎಂದು ನಾನು ಹೇಳುವುದಿಲ್ಲ. ಬೇರೆ ಸೀಮೆಯವರು ಅದನ್ನು ಓದಿದರೆ ನಾಟಕದ ಮಾತಿನ ಹಾಗೆ ಕೇಳುತ್ತದೆ.

ದನಿ ಹಿಡಿಯುವಾಗಿನ ಒಂದೆರಡು ಸಂಗತಿ. ಪವರ್‌ಪಾಯಿಂಟಿನಲ್ಲಿ `Record` ಒತ್ತಿ ಓದಿದರೆ ಪ್ರತಿ ಸ್ಲೈಡಿನ ದನಿ ಆಯಾ ಸ್ಲೈಡಿನಲ್ಲೇ ಬೇರೆಬೇರೆಯಾಗಿ ಉಳಿಯುತ್ತದೆ. ಒಂದು ಸ್ಲೈಡಿನಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ ಮಾತ್ರ ದನಿ ದಾಖಲಾಗುವುದಿಲ್ಲ. ಹೊಸ ಸ್ಲೈಡಿನ ಮೊದಲ ಪದ ಅರ್ಧ ನುಂಗಿದಂತೆ ಕೇಳಿದರೆ ಕಾರಣ ಇದೇ. ಮೈಕ್ ಬದಲಿಸಿ ಪ್ರಯೋಜನವಿಲ್ಲ. ಪ್ರತಿ ಸ್ಲೈಡಿನ ಮೊದಲಿಗೂ ಕೊನೆಗೂ [ತಡೆ 1] ಬರೆದಿಟ್ಟರೆ ಸಾಕು. ಇನ್ನು ವಿಡಿಯೊ ಮಾಡುವಾಗ `Use Recorded Timings and Narrations` ಎಂಬುದನ್ನು ಆರಿಸಿರಬೇಕು. ದನಿಯೂ ಸಮಯವೂ ದಾಖಲಾಗದೆ ಉಳಿದ ಸ್ಲೈಡಿಗೆ ಅದು ತಾನಾಗಿ 5 ಸೆಕೆಂಡ್ ಕೊಟ್ಟು ಮುಂದೆ ಹೋಗುತ್ತದೆ. ನಡುವೆ ಯಾವುದೋ ನಕ್ಷೆ ಮಿಂಚಿ ಮಾಯವಾದರೆ ಆ ಸ್ಲೈಡಿಗೆ ದನಿಯೇ ಬಿದ್ದಿಲ್ಲ ಎಂದು ತಿಳಿಯಬೇಕು.

ತಡೆಗಳು ಸರಿಯಾಗಿವೆಯೇ ಎಂದು ನೋಡಲು ಬರೆದವರು ತಾವೇ ಕೇಳಿದರೆ ತಿಳಿಯುವುದಿಲ್ಲ. ಅವರಿಗೆ ಮುಂದಿನ ಮಾತು ಗೊತ್ತಿರುತ್ತದೆ, ಎಲ್ಲ ತಡೆಗಳೂ ಉದ್ದವೆನಿಸುತ್ತವೆ. ವಿಷಯ ಗೊತ್ತಿಲ್ಲದ ಒಬ್ಬರ ಕೈಗೆ ಕಾಗದ, ಪೆನ್ನು, ಮೊಬೈಲು ಕೊಟ್ಟು ಪಕ್ಕದಲ್ಲಿ ಕೂತು ಅವರ ಪೆನ್ನನ್ನು ನೋಡಬೇಕು. ಮುಂದಿನ ಮಾತು ಶುರುವಾದಾಗಲೂ ಪೆನ್ನು ಓಡುತ್ತಿದ್ದರೆ ಆ ಜಾಗದ ತಡೆ ಸಾಲದು. ಬರೆದು ಮುಗಿಸಿ ತಲೆಯೆತ್ತಿ ಕಿಟಕಿಯಾಚೆ ನೋಡಿದರೆ ತಡೆ ಹೆಚ್ಚಾಯಿತು. ಅವರು ಪಾಠವನ್ನು ಹಿಂದಕ್ಕೆ ಎಳೆದ ಪ್ರತಿ ಜಾಗವನ್ನೂ ಗುರುತು ಮಾಡಿಕೊಳ್ಳಿ. ಬಹಳ ಸಲ ಅಲ್ಲಿ ತಡೆಯ ತಪ್ಪು ಇರುವುದಿಲ್ಲ. ವಾಕ್ಯವೇ ಉದ್ದವಾಗಿ ಕ್ರಿಯಾಪದ ದೂರ ಹೋಗಿರುತ್ತದೆ.

ಜಿಪ್ಸಂ ದರ, ಸಹಾಯಧನ, ಅರ್ಜಿಯ ಕೊನೆಯ ದಿನ ಇಂಥವನ್ನು ಯಾವ ಸ್ಲೈಡಿನ ಮಾತಿನಲ್ಲೂ ಬೆರೆಸದೆ ಒಂದೇ ಸ್ಲೈಡಿನಲ್ಲಿ ಬೇರೆ ಇಡಬೇಕು. ಬರುವ ವರ್ಷ ದರ ಬದಲಾದಾಗ ಆ ಒಂದು ಸ್ಲೈಡಿನ ದನಿಯನ್ನಷ್ಟೇ ಮತ್ತೆ ಹಿಡಿದು, ವಿಡಿಯೊ ಹೊಸದಾಗಿ ತೆಗೆದರೆ ಆಯಿತು. ಆದರೆ ಮೊದಲು ಓದಿದವರೇ, ಅದೇ ಕೋಣೆಯಲ್ಲಿ, ಮೈಕಿನಿಂದ ಅಷ್ಟೇ ದೂರ ಕೂತು ಓದಬೇಕು. ಇಲ್ಲದಿದ್ದರೆ ಆ ಸ್ಲೈಡು ಬಂದಾಗ ದನಿ ಬೇರೆಯಾದದ್ದೇ ಕೇಳುವವರ ಗಮನ ಸೆಳೆದು, ದರದ ಅಂಕಿ ಕಿವಿಗೆ ಬೀಳುವುದಿಲ್ಲ.